ಕೋಣೆಗಳ ಜಾಗ ಬದಲಾಗಿದೆ, ಆರ್ಕಿಟೆಕ್ಟ್‌ಗೆ ಹೊಸ ಡ್ರಾಯಿಂಗ್ ಕೇಳುವ ಪತ್ರ ಹೇಗಿರಬೇಕು?

ಹೊಸಮನೆ_ಯಜಮಾನ

ಎರಡು ಮಹಡಿಯ ಮನೆ ಕಟ್ಟಿಸುತ್ತಿದ್ದೇನೆ. ನೆಲಮಹಡಿಯ ಕಂಬಗಳು ಮುಗಿದಿವೆ, ಅದರ ಮೇಲಿನ ಸ್ಲ್ಯಾಬಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದಾರೆ. ಕಂಬಿ ಇನ್ನೂ ಕಟ್ಟಿಲ್ಲ.

ಮೊದಲ ಮಹಡಿಯ ಹಿಂಭಾಗದಲ್ಲಿ ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ ಮಲಗುವ ಕೋಣೆ 1 (3600 ಮಿ.ಮೀ.), ಬಚ್ಚಲು (1500), ಮಲಗುವ ಕೋಣೆ 2 (3300) ಇವೆ. ಬಚ್ಚಲನ್ನು ನಡುವಿನಿಂದ ತೆಗೆದು ಬಲತುದಿಗೆ ಹಾಕಿಸಬೇಕು, ಅದು ಕೋಣೆ 2ಕ್ಕೆ ಮಾತ್ರ ಸೇರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಆರ್ಕಿಟೆಕ್ಟ್‌ಗೆ ಫೋನಿನಲ್ಲಿ ಹೇಳಿದಾಗ "ಬರವಣಿಗೆಯಲ್ಲಿ ಕಳಿಸಿ" ಎಂದರು. ಬರೆದ ಕರಡು ಇದು:

> ಮಾನ್ಯರೇ, ಮೊದಲ ಮಹಡಿಯಲ್ಲಿ ಸಣ್ಣ ಬದಲಾವಣೆ ಬೇಕಾಗಿದೆ. ಬಚ್ಚಲನ್ನು ಬಲತುದಿಗೆ ಸರಿಸಿ. ಕೋಣೆ 1 4000 ಆಗಲಿ, ಬಚ್ಚಲು 1500 ಇರಲಿ, ಉಳಿದ 3130 ಕೋಣೆ 2ಕ್ಕೆ ಬರಲಿ. ತಿದ್ದಿದ ನಕ್ಷೆ ಬೇಗ ಕಳಿಸಬೇಕಾಗಿ ವಿನಂತಿ.

ಇಷ್ಟು ಸಾಕೇ? ಇನ್ನೇನಾದರೂ ಸೇರಿಸಬೇಕೇ?

---

ಬಿಳಿಕಾಗೆ

ಸಾಕು ಸರ್. ಒಳಗೋಡೆಗಳು ತಾನೇ? ಕಾಲಂ-ಬೀಮ್ ಮನೆಯಲ್ಲಿ ಒಳಗೋಡೆ ಭಾರ ಹೊರೋದಿಲ್ಲ, ಎಲ್ಲಿಗೆ ಬೇಕಾದ್ರೂ ಸರಿಸಬಹುದು. ಮೇಸ್ತ್ರಿಗೆ ಹೇಳಿದ್ರೂ ನಡೆಯುತ್ತೆ. ಸ್ಲ್ಯಾಬ್ ಹಾಕಿ ಮುಗಿಸಿಬಿಡಿ, ಡ್ರಾಯಿಂಗ್ ಆಮೇಲೆ ಬಂದರೆ ಆಯ್ತು.

---

ಕಂಬಿಲೆಕ್ಕ

@ಬಿಳಿಕಾಗೆ ನೀವು ಹೇಳಿದ್ದರಲ್ಲಿ ಅರ್ಧ ಸರಿ. ಆ ಗೋಡೆ ಮೇಲಿನ ಭಾರ ಹೊರುವುದಿಲ್ಲ, ನಿಜ. ಆದರೆ ತನ್ನ ಭಾರವನ್ನು ಕೆಳಗೆ ಯಾರ ಮೇಲಾದರೂ ಹಾಕಲೇಬೇಕು. 115 ಮಿ.ಮೀ. ಇಟ್ಟಿಗೆ ಗೋಡೆ, ಎರಡೂ ಬದಿ ಪ್ಲಾಸ್ಟರ್, 3 ಮೀಟರ್ ಎತ್ತರ ಅಂದರೆ ಒಂದು ಮೀಟರ್ ಉದ್ದಕ್ಕೆ 800 ಕೆ.ಜಿ.ಗಿಂತ ಹೆಚ್ಚು. ಹಳೆಯ ಡ್ರಾಯಿಂಗಿನಲ್ಲಿ ಆ ಗೋಡೆಗಳ ಕೆಳಗೆ ಬೀಮ್ ಇಟ್ಟಿರುತ್ತಾರೆ. ಗೋಡೆ ಸರಿಸಿದರೆ ಅದು ಬೀಮ್ ಬಿಟ್ಟು ಬರೀ ಸ್ಲ್ಯಾಬಿನ ನಡುವೆ ಕೂರುತ್ತದೆ. ಹಗುರ ಬ್ಲಾಕ್ ಬಳಸಿದರೆ ಭಾರ ಅರ್ಧಕ್ಕೂ ಕಡಿಮೆಯಾಗುತ್ತದೆ, ಸ್ಲ್ಯಾಬಿಗೆ ಒಂದಷ್ಟು ಹೆಚ್ಚುವರಿ ಕಂಬಿ ಕೊಟ್ಟು ನಿಭಾಯಿಸಬಹುದು. ಹಾಗೆ ನಿಭಾಯಿಸಲು ಆಗುತ್ತದೋ ಇಲ್ಲವೋ ಎಂಬುದನ್ನು ಕಾಂಕ್ರೀಟ್ ಹಾಕುವ ಮೊದಲೇ ಲೆಕ್ಕ ಹಾಕಬೇಕು.

ಇಲ್ಲಿ ಗೋಡೆಗಿಂತ ದೊಡ್ಡ ವಿಷಯ ಬಚ್ಚಲಿನದು. ಮೊದಲ ಮಹಡಿಯ ಬಚ್ಚಲಿನ ನೆಲ ಅಂದರೆ ಈಗ ಸೆಂಟ್ರಿಂಗ್ ಆಗುತ್ತಿರುವ ಅದೇ ಸ್ಲ್ಯಾಬ್. ಪೈಪುಗಳಿಗಾಗಿ ಬಚ್ಚಲಿನ ಜಾಗದಲ್ಲಿ ಸ್ಲ್ಯಾಬನ್ನು ಸುಮಾರು 300 ಮಿ.ಮೀ. ತಗ್ಗಿಸಿ ಹಾಕುತ್ತಾರೆ. ಅಂದರೆ ನಿಮ್ಮ ಮನೆಯಲ್ಲಿ ಈ ಹೊತ್ತು ಹಲಗೆಯ ತಗ್ಗು ಹಳೆಯ ಜಾಗದಲ್ಲಿ, ನಡುವೆ, ತಯಾರಾಗುತ್ತಿದೆ. ಹಾಗೇ ಕಾಂಕ್ರೀಟ್ ಬಿದ್ದರೆ ಹೊಸ ಕೋಣೆಗಳ ನಡುವೆ ಹಳ್ಳ ಉಳಿಯುತ್ತದೆ, ಬಚ್ಚಲು ಬೇಕಾದ ಕಡೆ ಹಳ್ಳ ಇರುವುದಿಲ್ಲ. ಆಮೇಲೆ ಹಳ್ಳ ತುಂಬಿಸಿದರೆ ಸ್ಲ್ಯಾಬಿಗೆ ಆ ತುಂಬಿದ ಭಾರ ಹೆಚ್ಚಾಗುತ್ತದೆ, ಅತ್ತ ಬಚ್ಚಲಿನ ನೆಲವನ್ನು ಎರಡು ಮೆಟ್ಟಿಲು ಏರಿಸಬೇಕಾಗುತ್ತದೆ.

ಹೊಸಮನೆ ಸರ್, ಪತ್ರ ಬರೆಯುವ ಮೊದಲು ಒಂದು ಕೆಲಸ. ಆ ಸಾಲಿನ ಕೆಳಗಿನ ಹಲಗೆ ಕೆಲಸವನ್ನು ಇಂದೇ ನಿಲ್ಲಿಸಲು ಕಂಟ್ರಾಕ್ಟರ್‌ಗೆ ಬರೆದು ತಿಳಿಸಿ. ಉಳಿದ ಭಾಗದಲ್ಲಿ ಕೆಲಸ ನಡೆಯಲಿ.

---

ರೇಖೆ_ಅಳತೆ

ಡ್ರಾಯಿಂಗ್ ಕೊಡುವ ಕಡೆ ಕೂತು ಓದಿದರೆ ಈ ಕರಡಿಗೆ ಏನಾಗುತ್ತದೆ ಎಂದು ಹೇಳುತ್ತೇನೆ.

ಮೊದಲು ಅಳತೆ. ಹಳೆಯ ಕೋಣೆಗಳು 3600 + 1500 + 3300, ಒಟ್ಟು 8400. ನಡುವೆ 115ರ ಎರಡು ಗೋಡೆ, 230. ಅಲ್ಲಿಗೆ ಎರಡು ಹೊರಗೋಡೆಗಳ ಒಳಮುಖದ ನಡುವೆ ಇರುವುದು 8630. ನೀವು ಕೇಳಿದ 4000 + 3130 + 1500 ಕೂಡಿಸಿದರೆ ಸರಿಯಾಗಿ 8630 ಬರುತ್ತದೆ. ಗೋಡೆಗಳಿಗೆ ಜಾಗವೇ ಇಲ್ಲ. ನಿಮ್ಮ ಆರ್ಕಿಟೆಕ್ಟ್ ಆ 230ನ್ನು ಎಲ್ಲಿಂದ ತೆಗೆಯಬೇಕು? ಕೇಳದೆ ಕೋಣೆ 2ರಿಂದ ತೆಗೆದರೆ ಅದು 2900 ಆಗುತ್ತದೆ. ಡ್ರಾಯಿಂಗಿನ ಅಳತೆ ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ. ಎರಡೂ ಬದಿ 12ರಂತೆ ಪ್ಲಾಸ್ಟರ್ ಕಳೆದರೆ ಕೈಗೆ ಸಿಗುವುದು 2876. ನೀವು ಮನಸ್ಸಿನಲ್ಲಿ ಇಟ್ಟುಕೊಂಡದ್ದು 3130. ಹತ್ತಿರ ಹತ್ತಿರ ಒಂದು ಕಪಾಟಿನ ಅರ್ಧ ಆಳ ಹೋಯಿತು.

ಆದ್ದರಿಂದ ಮೊತ್ತ ಕೂಡುವ ಹಾಗೆ ಕೊಡಿ, ಜೊತೆಗೆ ಯಾವ ಕೋಣೆಯ ಅಳತೆ ಬಿಗಿ, ಯಾವುದು ಸಡಿಲ ಎಂದು ಬರೆಯಿರಿ. "ಬಚ್ಚಲು 1500ಕ್ಕಿಂತ ಕಡಿಮೆ ಬೇಡ, ಕೋಣೆ 1ರಲ್ಲಿ 100 ಹೆಚ್ಚುಕಡಿಮೆ ಆದರೂ ಆಗಬಹುದು" ಅನ್ನುವ ಒಂದು ಸಾಲು ಮೂರು ಸುತ್ತಿನ ತಿದ್ದುಪಡಿ ಉಳಿಸುತ್ತದೆ. ಅಡಿಯನ್ನು ಮಿ.ಮೀ. ಜೊತೆ ಬೆರೆಸಬೇಡಿ. 10 ಅಡಿ ಅಂದರೆ 3048, 3000 ಅಲ್ಲ. ಆ 48 ಎಲ್ಲಿಯೋ ಒಂದು ಬಾಗಿಲ ಪಕ್ಕ ಬಂದು ಕಾಡುತ್ತದೆ.

ಇನ್ನು "ಸಣ್ಣ ಬದಲಾವಣೆ" ಎಂಬ ಮಾತು ತೆಗೆದುಹಾಕಿ. ಸಣ್ಣದೋ ದೊಡ್ಡದೋ ಡ್ರಾಯಿಂಗ್ ತೆಗೆದು ನೋಡಿದವರು ಹೇಳಲಿ. ಆ ಪದ ನೋಡಿದ ಕೂಡಲೇ ಪ್ಲಾನ್ ಒಂದನ್ನೇ ತಿದ್ದಿ ಕಳಿಸುವ ಸಾಧ್ಯತೆ ಹೆಚ್ಚು. ಉಳಿದ ಹಾಳೆಗಳಲ್ಲಿ ಬಚ್ಚಲು ಹಳೆಯ ಜಾಗದಲ್ಲೇ ಕೂತಿರುತ್ತದೆ.

---

ಹೊಸಮನೆ_ಯಜಮಾನ

ಕೆಲಸ ನಿಲ್ಲಿಸಲು ಕಂಟ್ರಾಕ್ಟರ್‌ಗೆ ಸಂದೇಶ ಕಳಿಸಿದೆ. ಅಳತೆ ಹೀಗೆ ಇಟ್ಟುಕೊಳ್ಳುತ್ತೇನೆ: ಕೋಣೆ 1 3900, ಕೋಣೆ 2 3000, ಬಚ್ಚಲು 1500. ಒಟ್ಟು 8400, ಎರಡು ಗೋಡೆ 230, ಸೇರಿ 8630.

ಸಾಲಿನ ಆಳ 3600. ಬಚ್ಚಲು ಹಿಂದಿನಂತೆಯೇ 1500 × 2400, ಹಿಂಗೋಡೆಗೆ ಅಂಟಿ. ಅದರ ಮುಂದೆ ಉಳಿಯುವ ಜಾಗ ಕೋಣೆ 2ಕ್ಕೆ ತೆರೆದಿರಲಿ, ಕಪಾಟಿಗೆ ಬೇಕು.

---

ರೇಖೆ_ಅಳತೆ

ಒಳ್ಳೆಯದು. ಆ ಮುಂದಿನ ಜಾಗ 3600 − 2400 − 115 = 1085 ಆಳ, 1500 ಅಗಲ. ಬಲಗೋಡೆಗೆ 600 ಆಳದ ಕಪಾಟು ಇಟ್ಟರೆ 900 ದಾರಿ ಉಳಿಯುತ್ತದೆ. ಬಚ್ಚಲಿನ ಬಾಗಿಲು 750 ಆದರೆ ಅದು ಆ ದಾರಿಯ ನೇರಕ್ಕೆ, ಎಡಬದಿಗೆ ಬರಬೇಕು. ನಡುವೆ ಇಟ್ಟರೆ ಕಪಾಟಿಗೆ ಬಡಿಯುತ್ತದೆ. ಬಾಗಿಲು ಬಚ್ಚಲಿನ ಒಳಕ್ಕೆ ತೆರೆಯಬೇಕು ಎಂದೂ ಬರೆಯಿರಿ.

ಈಗ ಎಡ ಹೊರಗೋಡೆಯ ಒಳಮುಖದಿಂದ ಅಳೆದು ಒಂದು ಸಾಲು ಎಳೆಯೋಣ. ಹೊಸ ಮೊದಲ ಗೋಡೆ 3900ರಿಂದ 4015. ಕೋಣೆ 2 4015ರಿಂದ 7015. ಎರಡನೇ ಗೋಡೆ 7015ರಿಂದ 7130. ಬಚ್ಚಲು 7130ರಿಂದ 8630.

ಕೋಣೆ 2ರ ಹಳೆಯ ಕಿಟಕಿ ಎಷ್ಟು ಅಗಲ, ಎಲ್ಲಿದೆ? ಆ ಸಾಲಿನಲ್ಲಿ ನಡುವಿನ ಕಂಬ ಎಲ್ಲಿದೆ?

---

ಹೊಸಮನೆ_ಯಜಮಾನ

ಕಿಟಕಿ 1500, ಹಳೆಯ ಕೋಣೆ 2ರ ಹಿಂಗೋಡೆಯ ಸರಿಯಾದ ಮಧ್ಯದಲ್ಲಿ. ಕಂಬಗಳು ಎಡ ಹೊರಗೋಡೆಯಲ್ಲಿ ಎ ಸಾಲು, ಬಲ ಹೊರಗೋಡೆಯಲ್ಲಿ ಸಿ ಸಾಲು, ನಡುವೆ ಬಿ ಸಾಲು. ಬಿ ಸಾಲು ಬಚ್ಚಲು ಮತ್ತು ಕೋಣೆ 2ರ ನಡುವಿನ ಹಳೆಯ ಗೋಡೆಯ ಮಧ್ಯಕ್ಕೆ ಇದೆ. ಹಿಂಗೋಡೆಯ ಉದ್ದಕ್ಕೆ ಕಂಬ 230 ಅಗಲ.

---

ರೇಖೆ_ಅಳತೆ

ಹಾಗಾದರೆ ಬಿ ಸಾಲಿನ ಮಧ್ಯ ಸುಮಾರು 5272. ಇದರಿಂದ ಎರಡು ವಿಷಯ ಹೊರಬೀಳುತ್ತವೆ, ಎರಡೂ ಪತ್ರದಲ್ಲಿ ಬರಬೇಕು.

ಕಿಟಕಿ ಮೊದಲು. ಹಳೆಯ ಕೋಣೆ 2 5330ರಿಂದ 8630, ಮಧ್ಯ 6980. 1500 ಕಿಟಕಿ 6230ರಿಂದ 7730ರವರೆಗೆ. ಹೊಸ ಗೋಡೆ 7015ಕ್ಕೆ ಬರುತ್ತದೆ, ಅಂದರೆ ಕಿಟಕಿಯ ನಡುವೆಯೇ ಗೋಡೆ. ಸರಿ, ಹೊಸ ಕೋಣೆಯ ಮಧ್ಯಕ್ಕೆ ಸರಿಸೋಣ ಎಂದರೆ ಮಧ್ಯ 5515, ಕಿಟಕಿ 4765ರಿಂದ 6265. ಅದರೊಳಗೆ ಬಿ ಕಂಬ (5157ರಿಂದ 5387) ನಿಂತಿದೆ. ಹಾಗಾಗಿ ಕಿಟಕಿ ಕಂಬದ ಬಲಕ್ಕೆ ಹೋಗಬೇಕು. ಅಲ್ಲಿ ಸಿಗುವುದು 5387ರಿಂದ 7015, ಅಂದರೆ 1628. 1500 ಹಾಕಿದರೆ ಎರಡೂ ಬದಿ 64 ಮಾತ್ರ ಉಳಿಯುತ್ತದೆ, ಚೌಕಟ್ಟು ಕೂರಿಸಿ ಪರದೆ ಹಾಕಲು ಇಕ್ಕಟ್ಟು. 1200 ಕಿಟಕಿ ಆರಾಮವಾಗಿ ಕೂರುತ್ತದೆ. ಬೆಳಕು ಸಾಲದು ಅನ್ನಿಸಿದರೆ ಕಂಬದ ಎಡಕ್ಕೆ ಇನ್ನೊಂದು ಸಣ್ಣ ಕಿಟಕಿ ಕೇಳಿ. ಹಳೆಯ ಬಚ್ಚಲಿನ ವೆಂಟಿಲೇಟರ್ ಹೇಗೂ ಆ ಕಡೆ ಇತ್ತು, ಅದನ್ನು ತೆಗೆಯಲು ಹೇಳದಿದ್ದರೆ ಮಲಗುವ ಕೋಣೆಯ ಗೋಡೆಯ ಮೇಲ್ಗಡೆ ಅದು ಹಾಗೇ ಉಳಿಯುತ್ತದೆ.

ಇನ್ನೊಂದು ಮೇಲಿನ ಬೀಮ್. ಇದುವರೆಗೆ ಬಿ ಸಾಲಿನ ಬೀಮ್ ಗೋಡೆಯ ತಲೆಯ ಮೇಲೆ ಇದ್ದುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಆ ಗೋಡೆಯೇ ಇಲ್ಲ. ಕೋಣೆ 2ರ ಮೇಲ್ಛಾವಣಿಯಲ್ಲಿ, ಎಡಗೋಡೆಯಿಂದ ಸುಮಾರು 1250 ದೂರದಲ್ಲಿ, ಬೀಮ್ ಅಡ್ಡಲಾಗಿ ಇಳಿದಿರುತ್ತದೆ. 450 ಆಳದ ಬೀಮಿಗೆ 125 ಸ್ಲ್ಯಾಬ್ ಆದರೆ 325 ಕೆಳಗೆ ಕಾಣುತ್ತದೆ. ಫ್ಯಾನ್ ಎಲ್ಲಿ, ಮಂಚ ಬೀಮಿನ ಕೆಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಈಗಲೇ ಕೇಳಿ. ಮೇಲ್ಛಾವಣಿ ಇನ್ನೂ ಹಾಕಿಲ್ಲವಾದ್ದರಿಂದ ಅದಕ್ಕೆ ದಾರಿ ಇದೆ.

---

ಹಳೇಫ್ಲ್ಯಾಟ್

ನನ್ನದೂ ಇದೇ ಸಮಸ್ಯೆ. ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿ, ಅಡುಗೆಮನೆ ಗೋಡೆ ಒಡೆದು ಹಾಲ್ ಜೊತೆ ಸೇರಿಸಬೇಕು. ಆರ್ಕಿಟೆಕ್ಟ್ ಯಾರೆಂದು ಗೊತ್ತಿಲ್ಲ. ಇದೇ ಪತ್ರವನ್ನು ಬಿಲ್ಡರ್‌ಗೆ ಕಳಿಸಿದರೆ ಆಗುತ್ತದಾ?

---

ಕಂಬಿಲೆಕ್ಕ

@ಹಳೇಫ್ಲ್ಯಾಟ್ ನಿಮ್ಮದು ಬೇರೆ ವಿಷಯ. ಅವರದು ಇನ್ನೂ ಕಾಂಕ್ರೀಟ್ ಬೀಳದ ಮನೆ, ಡ್ರಾಯಿಂಗ್ ಬದಲಿಸಿದರೆ ಕಟ್ಟಡ ಬದಲಾಗುತ್ತದೆ. ನಿಮ್ಮದು ನಿಂತಿರುವ ಕಟ್ಟಡ, ಆ ಗೋಡೆ ಇಟ್ಟಿಗೆಯದೋ ಕಾಂಕ್ರೀಟಿನದೋ ಎಂಬುದೇ ಮೊದಲ ಪ್ರಶ್ನೆ. ಕೆಲವು ಕಟ್ಟಡಗಳಲ್ಲಿ ಎಲ್ಲ ಗೋಡೆಯೂ ಕಾಂಕ್ರೀಟ್, ಒಂದನ್ನೂ ಮುಟ್ಟುವಂತಿಲ್ಲ. ಮಾಲೀಕರ ಸಂಘದಲ್ಲಿ ಸ್ಟ್ರಕ್ಚರಲ್ ಡ್ರಾಯಿಂಗ್ ಇದೆಯೇ ಕೇಳಿ, ಸಿಕ್ಕ ಮೇಲೆ ಬೇರೆ ಚರ್ಚೆ ಶುರುಮಾಡಿ.

ಹೊಸಮನೆ ಸರ್, ರೇಖೆ_ಅಳತೆ ಅವರು ಬರೆದದ್ದಕ್ಕೆ ಕೆಳಗಿನಿಂದ ಇನ್ನೊಂದು ಸೇರಿಸುತ್ತೇನೆ. ಹಳೆಯ ಬಚ್ಚಲಿನ ಎರಡೂ ಬದಿಗೆ ಬೀಮ್ ಇತ್ತು, ಒಂದು ಬಿ ಸಾಲು, ಇನ್ನೊಂದು ಕೋಣೆ 1ರ ಗೋಡೆಯ ಕೆಳಗಿನ ಅಡ್ಡ ಬೀಮ್. ತಗ್ಗು ಸ್ಲ್ಯಾಬ್ ಆ ಎರಡರ ನಡುವೆ ಕೂತಿತ್ತು. ಹೊಸ ಜಾಗದಲ್ಲಿ ಬಲಕ್ಕೆ ಸಿ ಬೀಮ್ ಇದೆ, ಎಡಕ್ಕೆ 7015ರ ಬಳಿ ಏನೂ ಇಲ್ಲ. ಅಲ್ಲಿ ಸ್ಲ್ಯಾಬ್ 300 ಕೆಳಗೆ ಮುರಿದುಕೊಳ್ಳುವುದರಿಂದ ಕಂಬಿ ನೇರ ಹೋಗುವುದಿಲ್ಲ. ಅಡ್ಡ ಬೀಮ್ ಬೇಕಾಗಬಹುದು, ಅಥವಾ ಬೇರೆ ರೀತಿ ಕಂಬಿ ಕೊಡಬಹುದು. ಹಾಗೆಯೇ ಕೋಣೆ 1ರ ಹೊಸ ಗೋಡೆ ಹಳೆಯ ಅಡ್ಡ ಬೀಮಿನಿಂದ 300 ಬಲಕ್ಕೆ ಸರಿದಿದೆ. ಆ ಬೀಮನ್ನೇ ಸರಿಸುತ್ತಾರೋ, ತೆಗೆದುಬಿಡುತ್ತಾರೋ ಅವರ ಲೆಕ್ಕ.

ಪತ್ರದಲ್ಲಿ "ಇಲ್ಲಿ ಬೀಮ್ ಹಾಕಿ" ಎಂದು ಬರೆಯಬೇಡಿ. "ಹೊಸ ಗೋಡೆಗಳ ಭಾರ ಮತ್ತು ತಗ್ಗು ಸ್ಲ್ಯಾಬಿನ ಹೊಸ ಜಾಗಕ್ಕೆ ತಕ್ಕಂತೆ ಸ್ಟ್ರಕ್ಚರಲ್ ಇಂಜಿನಿಯರ್ ಪರಿಶೀಲಿಸಿ ಸಹಿ ಮಾಡಿದ ಡ್ರಾಯಿಂಗ್ ಬೇಕು" ಎಂದು ಬರೆಯಿರಿ. ಪರಿಹಾರ ಅವರದಾದರೆ ಹೊಣೆಯೂ ಅವರದೇ.

---

ತಿಳಿನೀರು

ಪೈಪಿನ ಬಗ್ಗೆ ಯಾರೂ ಕೇಳಲಿಲ್ಲ. ಹಳೇ ಬಚ್ಚಲಿನ ಹಿಂದೆ ಹೊರಗೋಡೆ ಮೇಲೆ ಕೆಳಗಿಳಿಯೋ ಪೈಪ್ ಅದೇ ಜಾಗದಲ್ಲಿ ಇರಲಿ, ಬಚ್ಚಲು ಮಾತ್ರ ಸರಿಯಲಿ ಅಂತ ಕಂಟ್ರಾಕ್ಟರ್ ಹೇಳೇ ಹೇಳ್ತಾರೆ, ಯಾಕಂದ್ರೆ ಕೆಳಗೆ ಚೇಂಬರ್ ಗುರುತು ಹಾಕಿ ಆಗಿರುತ್ತೆ. ಒಪ್ಪಬೇಡಿ.

ಇಳಿಜಾರು ಸಾಲಲ್ಲ ಅಂತ ಅಲ್ಲ. ಹೊಸ ಕಮೋಡಿನಿಂದ ಹಳೇ ಪೈಪಿಗೆ ಮೂರೂವರೆ ಮೀಟರ್ ಹತ್ತಿರ. 40ಕ್ಕೆ 1ರ ಇಳಿಜಾರಲ್ಲಿ 90 ಮಿ.ಮೀ. ಇಳಿದರೆ ಸಾಕು. 110ರ ಪೈಪು, 90 ಇಳಿಜಾರು, ಮೇಲೆ ಟೈಲ್ಸ್ ಮತ್ತು ಗಾರೆ 60, ಒಟ್ಟು 260. 300ರ ತಗ್ಗಲ್ಲಿ ಹಿಡಿಯುತ್ತೆ. ತೊಂದರೆ ಏನಂದ್ರೆ ಆ ತಗ್ಗು ಇರೋದು ಬಚ್ಚಲಿನ 1500 ಅಗಲದಲ್ಲಿ ಮಾತ್ರ. ಅದರಿಂದ ಆಚೆ ಪೈಪ್ ಹೋಗಬೇಕಂದ್ರೆ ಬಚ್ಚಲ ಪಕ್ಕದ ಬೀಮನ್ನು ದಾಟಿ, ಕೆಳಗಿನ ಕೋಣೆಯ ಸೀಲಿಂಗಲ್ಲಿ ನೇತಾಡಿ, ಬಿ ಬೀಮನ್ನೂ ದಾಟಬೇಕು. ಕಾಂಕ್ರೀಟ್ ಆದ್ಮೇಲೆ ಪ್ಲಂಬರ್ ಬಂದು ಬೀಮಿಗೆ ತೂತು ಕೊರೀತಾನೆ, ಒಳಗಿನ ಕಂಬಿನೂ ಕತ್ತರಿಸ್ತಾನೆ. ಅದಕ್ಕೆ ಇಳಿಯೋ ಪೈಪೇ ಹೊಸ ಬಚ್ಚಲಿನ ಹಿಂದಿನ ಮೂಲೆಗೆ ಬರಬೇಕು. ಕಮೋಡಿಂದ ಪೈಪಿಗೆ ದೂರ ಒಂದು ಮೀಟರಿನ ಸುತ್ತಮುತ್ತ ಇದ್ದರೆ ಕಟ್ಟಿಕೊಳ್ಳೋ ತಾಪತ್ರಯವೂ ಕಡಿಮೆ. ಹಿಂದಿನ ಬೀಮಲ್ಲಿ ಪೈಪ್ ಹೊರಗೆ ಹೋಗಬೇಕಾದ್ರೆ ಅದು ತೂರೋ ಕೊಳವೆ, ಅಂದ್ರೆ ಸ್ಲೀವ್, ಎಲ್ಲಿ ಅಂತ ಸ್ಟ್ರಕ್ಚರಲ್ ಹಾಳೆಯಲ್ಲೇ ಗುರುತು ಬೇಕು, ಕಾಂಕ್ರೀಟಿಗೆ ಮುಂಚೆ.

ಆ ಮೂಲೆ ಕೆಳಗೆ ನೆಲಮಹಡಿಯಲ್ಲಿ ಏನಿದೆ?

---

ಹೊಸಮನೆ_ಯಜಮಾನ

ಅಡುಗೆಮನೆ. ಆ ಮೂಲೆಯಲ್ಲಿ ಹಿಂಗೋಡೆಗೆ ಸಿಂಕ್, ಅದರ ಮೇಲೆ ಕಿಟಕಿ.

---

ತಿಳಿನೀರು

ಹಾಗಾದ್ರೆ ಪೈಪ್ ಆ ಕಿಟಕಿ ಮುಂದೆ ಇಳಿಯಬಾರದು, ಕಿಟಕಿ ಅಂಚಿಗೂ ಮೂಲೆಗೂ ನಡುವೆ ಜಾಗ ಇದೆಯಾ ನೋಡಿ ಅಂತ ಕೇಳಿ. ಸಾಲದಿದ್ದರೆ ಬಲಗೋಡೆ ಕಡೆ ತಿರುಗಿಸಬಹುದು. ನೆಲದ ಮೇಲಿನ ಚೇಂಬರ್ ಲೈನೂ ಬದಲಾಗುತ್ತೆ, ಆ ಹಾಳೆ ಮರೆಯಬೇಡಿ.

---

ಬಿಳಿಕಾಗೆ

ಅಡುಗೆಮನೆ ತಲೆ ಮೇಲೆ ಬಚ್ಚಲಾ? ನಾನಂತೂ ಒಪ್ಪಲ್ಲ. ಸೋರಿದ್ರೆ ಒಲೆ ಮೇಲೆ ಬೀಳುತ್ತೆ. ಬಚ್ಚಲನ್ನು ಇದ್ದಲ್ಲೇ ಬಿಟ್ಟು ಬಾಗಿಲು ಮಾತ್ರ ಬದಲಿಸಬಹುದಿತ್ತು.

---

ರೇಖೆ_ಅಳತೆ

@ಬಿಳಿಕಾಗೆ ಈ ಆತಂಕ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಬಾಗಿಲು ಬದಲಿಸಿದರೆ ಬಚ್ಚಲು ಕೋಣೆ 2ಕ್ಕೆ ಸೇರುತ್ತದೆ, ಕೋಣೆ 1 ಮಾತ್ರ ಹಿಗ್ಗುವುದಿಲ್ಲ. ಯಾವುದು ಮುಖ್ಯ ಎಂದು ಮನೆಯವರೇ ನಿರ್ಧರಿಸಲಿ.

ಸರಿಸುವುದೇ ಆದರೆ ಅಡುಗೆಮನೆಯ ಎತ್ತರವನ್ನೂ ನೋಡಬೇಕು. ನೆಲದಿಂದ ನೆಲಕ್ಕೆ 3000 ಇದ್ದರೆ, 125 ಸ್ಲ್ಯಾಬ್, 300 ತಗ್ಗು ಕಳೆದು 2575 ಉಳಿಯುತ್ತದೆ, ಪ್ಲಾಸ್ಟರ್, ನೆಲಹಾಸು ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ನಿಲ್ಲಲು ಏನೂ ತೊಂದರೆಯಿಲ್ಲ. ಆದರೆ 2100 ಎತ್ತರದಲ್ಲಿ ಅಟ್ಟ ಇಟ್ಟಿದ್ದರೆ ಅದರ ಮೇಲೆ ಉಳಿಯುವುದು ಒಂದೂವರೆ ಅಡಿಗಿಂತ ಕಡಿಮೆ, ಚಿಮಣಿಯ ಕೊಳವೆ ಆ ಮೂಲೆಯಲ್ಲಿ ಹೊರಗೆ ಹೋಗುವುದಾಗಿದ್ದರೆ ಅದಕ್ಕೂ ಅಡ್ಡ. ಹಾಗಾಗಿ ಆ ಮೂಲೆಯ ಮೂಲಕ ಕತ್ತರಿಸಿದ ಒಂದು ಸೆಕ್ಷನ್ ಕೇಳಿ. ಪ್ಲಾನ್ ನೋಡಿದರೆ ಇದು ಯಾವುದೂ ಕಾಣಿಸುವುದಿಲ್ಲ.

---

ಹೊಸಮನೆ_ಯಜಮಾನ

ಮನೆಯವರಿಗೆ ತೋರಿಸಿ ಕೇಳಿದೆ, ಬಲತುದಿಯೇ ಬೇಕು ಎಂದು ಗಟ್ಟಿಯಾಯಿತು. ಎರಡನೇ ಕರಡು. ಹಾಳೆಯ ಸಂಖ್ಯೆಗಳು ನನ್ನ ಸೆಟ್ಟಿನಲ್ಲಿ ಇರುವಂತೆ.

> ವಿಷಯ: ಮೊದಲ ಮಹಡಿ ಹಿಂಭಾಗದ ಕೋಣೆಗಳ ಬದಲಾವಣೆ, ಪರಿಷ್ಕೃತ ಡ್ರಾಯಿಂಗ್‌ಗಳ ಕೋರಿಕೆ
>
> ಉಲ್ಲೇಖ: ಹಾಳೆ 102, ಪರಿಷ್ಕರಣೆ 0. ನಮ್ಮ ಫೋನ್ ಮಾತುಕತೆ.
>
> ಮಾನ್ಯರೇ,
>
> ಹಾಳೆ 102ರಲ್ಲಿ ತೋರಿಸಿದ ಹಿಂಭಾಗದ ಸಾಲನ್ನು ಈ ಕೆಳಗಿನಂತೆ ಬದಲಿಸಲು ಕೋರುತ್ತೇನೆ. ಕೈಯಲ್ಲಿ ಗುರುತು ಮಾಡಿದ ಹಾಳೆಯ ಪ್ರತಿ ಜೊತೆಗಿದೆ. ಗುರುತಿಗೂ ಪತ್ರಕ್ಕೂ ವ್ಯತ್ಯಾಸ ಕಂಡರೆ ಪತ್ರದ ಅಳತೆಯನ್ನೇ ಹಿಡಿಯಿರಿ.
>
> ಕೆಲಸದ ಸ್ಥಿತಿ: ಪಾಯ ಮತ್ತು ನೆಲಮಹಡಿಯ ಎಲ್ಲ ಕಂಬಗಳು ಮುಗಿದಿವೆ, ಅವುಗಳ ಜಾಗ ಬದಲಾಗುವಂತಿಲ್ಲ. ಮೊದಲ ಮಹಡಿಯ ನೆಲದ ಸ್ಲ್ಯಾಬಿಗೆ ಸೆಂಟ್ರಿಂಗ್ ನಡೆಯುತ್ತಿದೆ, ಕಂಬಿ ಕಟ್ಟಿಲ್ಲ. ಈ ಸಾಲಿನ ಕೆಳಗಿನ ಕೆಲಸವನ್ನು ನಿಮ್ಮ ಡ್ರಾಯಿಂಗ್ ಬರುವವರೆಗೆ ನಿಲ್ಲಿಸಿದ್ದೇನೆ.
>
> ಬದಲಾವಣೆ (ಎಲ್ಲವೂ ಇಟ್ಟಿಗೆಯಿಂದ ಇಟ್ಟಿಗೆಗೆ, ಮಿ.ಮೀ.; ಎಡದಿಂದ ಬಲಕ್ಕೆ): ಕೋಣೆ 1 3900, ಗೋಡೆ 115, ಕೋಣೆ 2 3000, ಗೋಡೆ 115, ಬಚ್ಚಲು 1500. ಒಟ್ಟು 8630, ಹಿಂದಿನಷ್ಟೇ. ಬಚ್ಚಲು 1500 × 2400, ಇದು ಕಡಿಮೆಯಾಗಬಾರದು. ಕೋಣೆ 1ರಲ್ಲಿ 100ರವರೆಗೆ ವ್ಯತ್ಯಾಸ ಒಪ್ಪಿಗೆ. ಬಚ್ಚಲಿನ ಮುಂದಿನ 1085 ಜಾಗ ಕೋಣೆ 2ಕ್ಕೆ ತೆರೆದಿರಬೇಕು, ಅಲ್ಲಿ ಬಲಗೋಡೆಗೆ 600 ಆಳದ ಕಪಾಟು. ಬಚ್ಚಲಿನ ಬಾಗಿಲು 750, ಎಡಬದಿಗೆ, ಒಳಕ್ಕೆ ತೆರೆಯುವಂತೆ. ಕೋಣೆ 1ಕ್ಕೆ ಬಚ್ಚಲಿನ ಬಾಗಿಲು ಬೇಡ.
>
> ನಿಮ್ಮ ಅಭಿಪ್ರಾಯ ಬೇಕಾದವು: ಕೋಣೆ 2ರ ಹಿಂದಿನ ಕಿಟಕಿ ಹೊಸ ಗೋಡೆಗೆ ಅಡ್ಡ ಬರುತ್ತದೆ. ಬಿ ಕಂಬದ ಬಲಕ್ಕೆ 1200 ಕಿಟಕಿ ಸಾಕೇ? ಹಳೆಯ ವೆಂಟಿಲೇಟರ್ ತೆಗೆದು ಹೊಸ ಬಚ್ಚಲಿಗೆ ಕೊಡಿ. ಕೋಣೆ 2ರ ಮೇಲ್ಛಾವಣಿಯಲ್ಲಿ ಬಿ ಸಾಲಿನ ಬೀಮ್ ಕಾಣುತ್ತದೆ. ಅದನ್ನು ಹೇಗೆ ನಿಭಾಯಿಸುತ್ತೀರಿ? ಇಳಿಯುವ ಪೈಪನ್ನು ಹೊಸ ಬಚ್ಚಲಿನ ಹಿಂಮೂಲೆಗೆ ತರಲು ಅಡುಗೆಮನೆ ಕಿಟಕಿಯ ಪಕ್ಕ ಜಾಗ ಇದೆಯೇ? ಅಡುಗೆಮನೆಯ ಅಟ್ಟ ಮತ್ತು ಚಿಮಣಿಗೆ ಎತ್ತರ ಸಾಲುತ್ತದೆಯೇ?
>
> ಬೇಕಾದ ಹಾಳೆಗಳು: ಮೊದಲನೆಯದಾಗಿ, ಹೊಸ ಗೋಡೆಗಳ ಭಾರ, ತಗ್ಗು ಸ್ಲ್ಯಾಬಿನ ಹೊಸ ಜಾಗ ಮತ್ತು ಪೈಪಿನ ಸ್ಲೀವ್ ಪರಿಶೀಲಿಸಿ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿದ ಮೊದಲ ಮಹಡಿ ಸ್ಲ್ಯಾಬ್ ಮತ್ತು ಬೀಮ್ ಹಾಳೆಗಳು. ಅದರ ನಂತರ ಮೊದಲ ಮಹಡಿಯ ಪ್ಲಾನ್, ಬಚ್ಚಲು–ಅಡುಗೆಮನೆ ಮೂಲಕ ಸೆಕ್ಷನ್, ಹಿಂಬದಿ ಎಲಿವೇಶನ್, ಬಾಗಿಲು–ಕಿಟಕಿ ಪಟ್ಟಿ, ಪ್ಲಂಬಿಂಗ್, ಎಲೆಕ್ಟ್ರಿಕಲ್, ಹೊರಗಿನ ಚೇಂಬರ್ ಲೈನ್.
>
> ಪ್ರತಿ ಹಾಳೆಯಲ್ಲೂ ಪರಿಷ್ಕರಣೆ 1, ತಾರೀಖು, ಬದಲಾದ ಜಾಗದ ಸುತ್ತ ಗುರುತು ಇರಲಿ. ಮಂಜೂರಾದ ನಕ್ಷೆಯನ್ನು ಇದಕ್ಕಾಗಿ ಮತ್ತೆ ಸಲ್ಲಿಸಬೇಕೇ ತಿಳಿಸಿ. ಹೆಚ್ಚುವರಿ ಶುಲ್ಕ ಇದ್ದರೆ ಮತ್ತು ಸ್ಟ್ರಕ್ಚರಲ್ ಹಾಳೆ ಯಾವ ದಿನ ಸಿಗುತ್ತದೆ ಎಂಬುದನ್ನು ಕೆಲಸ ಶುರುಮಾಡುವ ಮೊದಲು ಬರೆದು ತಿಳಿಸಬೇಕಾಗಿ ಕೋರಿಕೆ.

---

ರೇಖೆ_ಅಳತೆ

ಇದನ್ನು ಕಳಿಸಬಹುದು. ಸ್ಟ್ರಕ್ಚರಲ್ ಹಾಳೆಯನ್ನು ಮೊದಲು ಕೇಳಿದ್ದು ಸರಿ, ಇಡೀ ಸೆಟ್ಟಿಗೆ ಕಾಯುತ್ತಾ ಕೂತರೆ ಸೈಟ್ ನಿಂತುಹೋಗುತ್ತದೆ.

ಒಂದು ಸಾಲು ಸೇರಿಸಿ: ಹಾಳೆಗಳ ಮೇಲೆ ನಿರ್ಮಾಣಕ್ಕೆ ಬಿಡುಗಡೆ ಎಂಬ ಮುದ್ರೆ ಇರಬೇಕು. ನಿಮ್ಮ ಪ್ರಶ್ನೆಗಳಿಗೆ ಉತ್ತರವಾಗಿ ಮೊದಲು ಬರುವುದು ನೋಡಲು ಕಳಿಸಿದ ಪ್ರತಿ. ಅದನ್ನೇ ಸೈಟಿಗೆ ಕೊಟ್ಟರೆ, ಎರಡನೇ ಸುತ್ತಿನಲ್ಲಿ ಕಿಟಕಿ ಇನ್ನೊಂದಿಷ್ಟು ಸರಿದದ್ದು ಮೇಸ್ತ್ರಿಗೆ ಗೊತ್ತಾಗುವುದಿಲ್ಲ. ಹೊಸ ಹಾಳೆ ಕೈಗೆ ಬಂದ ದಿನ ಸೈಟಿನಲ್ಲಿರುವ ಹಳೆಯ 102ರ ಎಲ್ಲ ಪ್ರತಿಗಳನ್ನು ವಾಪಸ್ ತೆಗೆದುಕೊಳ್ಳಿ. ಬಾರ್ ಬೆಂಡರ್ ಬಳಿ ಮಡಚಿಟ್ಟ ಒಂದು ಪ್ರತಿ, ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಉಳಿದೇ ಇರುತ್ತದೆ. ಫೋಟೋ ಕೂಡ ಅಳಿಸಲು ಹೇಳಿ.

---

ಬಿಳಿಕಾಗೆ

ಶುಲ್ಕದ ಮಾತು ನೀವೇ ಯಾಕೆ ಎತ್ತುತ್ತೀರಿ? ಒಪ್ಪಂದದಲ್ಲಿ ಡ್ರಾಯಿಂಗ್ ಕೊಡೋದು ಅವರ ಕೆಲಸ. ಕೇಳಿದ್ರೆ ಹೆಚ್ಚಾಗಿಯೇ ಕೇಳ್ತಾರೆ.

---

ಕಂಬಿಲೆಕ್ಕ

ನಾನು ಒಪ್ಪುವುದಿಲ್ಲ. ನಿರ್ಮಾಣಕ್ಕೆ ಹಾಳೆ ಬಿಡುಗಡೆಯಾದ ಮೇಲೆ ಮನೆಯವರೇ ಬದಲಿಸಿದರೆ ಸ್ಟ್ರಕ್ಚರಲ್ ಲೆಕ್ಕ ಮತ್ತೆ ಮಾಡಬೇಕು. ಅದು ಹೊಸ ಕೆಲಸ. ಶುಲ್ಕದ ವಿಷಯ ಮುಚ್ಚಿಟ್ಟರೆ ಹಾಳೆ ತಡವಾಗುತ್ತದೆ, ಯಾಕೆ ತಡ ಎಂದು ಯಾರೂ ಬಾಯಿ ಬಿಡುವುದಿಲ್ಲ.

---

ರೇಖೆ_ಅಳತೆ

ಅದು ಒಪ್ಪಂದದಲ್ಲಿ ಏನಿದೆ ಎಂಬುದರ ಮೇಲೆ. ಕೆಲವರು ಎರಡು ಸುತ್ತಿನ ತಿದ್ದುಪಡಿಯನ್ನು ಒಳಗೊಂಡೇ ಬರೆದಿರುತ್ತಾರೆ, ಆದರೆ ಬಿಡುಗಡೆಗೆ ಮೊದಲಿನ ಸುತ್ತುಗಳಿಗೆ ಮಾತ್ರವೋ ಆಮೇಲಿನದಕ್ಕೂ ಸೇರಿಯೋ ಎಂಬುದು ಬಹಳ ಒಪ್ಪಂದಗಳಲ್ಲಿ ಸ್ಪಷ್ಟ ಇರುವುದಿಲ್ಲ. ನಿಮ್ಮದರಲ್ಲಿ ಏನಿದೆ?

---

ಹೊಸಮನೆ_ಯಜಮಾನ

"ಅಗತ್ಯ ತಿದ್ದುಪಡಿಗಳು ಸೇರಿ" ಎಂದಿದೆ, ಅಷ್ಟೇ. ಸಾಲು ಹಾಗೇ ಇಟ್ಟು ಕಳಿಸುತ್ತಿದ್ದೇನೆ.

---

ತಿಳಿನೀರು

ಹಾಳೆ ಬಂದ್ಮೇಲೆ ಕಂಬಿ ಕಟ್ಟೋಕೆ ಮುಂಚೆ ಹಲಗೆ ತಗ್ಗನ್ನು ಟೇಪ್ ಹಿಡಿದು ನೋಡಿ. ಎಡ ಹೊರಗೋಡೆ ಇನ್ನೂ ಇಲ್ಲವಲ್ಲ, ಸಿ ಕಂಬದಿಂದ ಅಳೀಬೇಕು. ಕಂಬದ ಮಧ್ಯದಿಂದಲಾ, ಮುಖದಿಂದಲಾ ಅಂತ ಡ್ರಾಯಿಂಗಲ್ಲಿ ಬರೆದಿರದಿದ್ರೆ ಆರ್ಕಿಟೆಕ್ಟಿಗೇ ಫೋನ್ ಮಾಡಿ, ಮೇಸ್ತ್ರಿ ಊಹೆ ಮೇಲೆ ಬಿಡಬೇಡಿ.

---

ಹಳೇಫ್ಲ್ಯಾಟ್

ಸಂಘದವರ ಹತ್ತಿರ ಡ್ರಾಯಿಂಗ್ ಇಲ್ಲವಂತೆ. ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಇಟ್ಟಿಗೆಯೇ ಅಂತ ತಿಳಿದುಕೊಳ್ಳಬಹುದಾ?

---

ಕಂಬಿಲೆಕ್ಕ

ಸದ್ದಿನ ಮೇಲೆ ನಿರ್ಧರಿಸಬೇಡಿ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೂ ಟೊಳ್ಳಾಗಿ ಕೇಳಿಸುತ್ತದೆ. ಸ್ವಿಚ್ ಬೋರ್ಡ್ ಪೆಟ್ಟಿಗೆಯನ್ನು ಎಲೆಕ್ಟ್ರಿಷಿಯನ್ ಕೈಲಿ ತೆಗೆಸಿದರೆ ಪಕ್ಕದಲ್ಲಿ ಇಟ್ಟಿಗೆಯೋ ಕಾಂಕ್ರೀಟೋ ಕಣ್ಣಿಗೆ ಕಾಣುತ್ತದೆ. ಅದರ ಫೋಟೋ ಹಾಕಿ ಬೇರೆ ಚರ್ಚೆ ಶುರುಮಾಡಿ, ಅಲ್ಲಿ ನೋಡೋಣ.